ಬೆಂಡೆ ಬೀಜದ ಪೊಟ್ಟಣದ ಹಿಂಬದಿ: ಆಳ, ಅಂತರ, ಕಾಲ

ಪ್ರಶ್ನೆ: ನಾನು ಮೈಸೂರಿನವಳು, ಕೈತೋಟಕ್ಕೆ ಹೊಸಬಳು. ಬೆಂಡೆ ಬೀಜದ 10 ಗ್ರಾಂ ಪೊಟ್ಟಣದ ಹಿಂಬದಿಯ ಫೋಟೊ ಕಳಿಸಿದ್ದೇನೆ. ಬಿತ್ತನೆಯ ಆಳ 2–2.5 ಸೆಂ.ಮೀ., ಅಂತರ 60 × 30 ಸೆಂ.ಮೀ., ಕಾಲ ಖರೀಫ್ ಮತ್ತು ಬೇಸಿಗೆ, ಬೀಜದ ಪ್ರಮಾಣ ಎಕರೆಗೆ 3–4 ಕೆ.ಜಿ. ಎಂದು ಅಚ್ಚಾಗಿದೆ. 60 × 30 ಎಂದರೆ ಗುಂಡಿಯ ಅಳತೆಯೇ? ಮನೆಯ ಹಿಂದೆ ಹತ್ತು ಅಡಿ ಉದ್ದ, ನಾಲ್ಕು ಅಡಿ ಅಗಲದ ಮಣ್ಣಿನ ಜಾಗವಿದೆ. ತಾರಸಿಯಲ್ಲಿ ಹನ್ನೆರಡು ಇಂಚಿನ ಎಂಟು ಗ್ರೋ ಬ್ಯಾಗ್‌ಗಳಿವೆ. ಈಗ ನವೆಂಬರ್ ಎರಡನೆಯ ವಾರ. ಈಗಲೇ ಬಿತ್ತಬಹುದೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಈಗ ಬಿತ್ತಬೇಡಿ. ಜನವರಿ ಕೊನೆಯ ವಾರದವರೆಗೆ ಪೊಟ್ಟಣವನ್ನು ಒಡೆಯದೆ ಇಡಿ. 60 × 30 ಗುಂಡಿಯ ಅಳತೆಯಲ್ಲ. ಸಾಲಿನಿಂದ ಸಾಲಿಗೆ 60, ಒಂದೇ ಸಾಲಿನಲ್ಲಿ ಗಿಡದಿಂದ ಗಿಡಕ್ಕೆ 30 ಸೆಂಟಿಮೀಟರ್ ಎಂದು ಅದರ ಅರ್ಥ. ಗುಂಡಿಗೆ ನಿಮ್ಮ ತೋರುಬೆರಳ ತುದಿಯಷ್ಟು ಜಾಗ ಸಾಕು.

ಪೊಟ್ಟಣದ ಮೇಲೆ ಬರೆದಿರುವುದು ನಿಮಗಾಗಿ ಬರೆದದ್ದಲ್ಲ ಎಂಬುದನ್ನು ತಿಳಿದರೆ ಉಳಿದದ್ದು ಸುಲಭ. ಅದು ಹೊಲದಲ್ಲಿ ನಿಂತ ರೈತನಿಗೆ ಬರೆದದ್ದು. ಅದೇ ಬರಹವನ್ನು ಸಣ್ಣದಾಗಿಸಿ 10 ಗ್ರಾಂ ಪೊಟ್ಟಣಕ್ಕೂ ಅಂಟಿಸಿರುತ್ತಾರೆ, ಅಷ್ಟೇ. ಅದಕ್ಕೇ ನಾಲ್ಕಡಿ ಅಗಲದ ಜಾಗವುಳ್ಳ ನಿಮಗೂ ಎಕರೆಯ ಲೆಕ್ಕ ಬಂದಿದೆ. ಹಾಗೆಂದು ಅದನ್ನು ಬದಿಗಿಡಬೇಕಿಲ್ಲ. ಆ ಒಂದೊಂದು ಅಂಕಿಯ ಹಿಂದೆಯೂ ಒಂದು ಕಾರಣವಿದೆ. ಆ ಕಾರಣ ನಿಮ್ಮ ಜಾಗದಲ್ಲೂ ಇದ್ದರೆ ಅಂಕಿಯನ್ನು ಪಾಲಿಸಿ, ಇಲ್ಲದಿದ್ದರೆ ಬಿಡಿ. ಮೂರೂ ಸಾಲುಗಳನ್ನು ಹೀಗೆಯೇ ನೋಡೋಣ.

ಕಾಲದ ಸಾಲಿನಿಂದ ಶುರು ಮಾಡುತ್ತೇನೆ. ಆಳ, ಅಂತರಗಳಲ್ಲಿ ತಪ್ಪಿದರೆ ಸ್ವಲ್ಪ ನಷ್ಟ, ಕಾಲದಲ್ಲಿ ತಪ್ಪಿದರೆ ಇಡೀ ಪೊಟ್ಟಣ ಹೋಗುತ್ತದೆ.

ಖರೀಫ್ ಎಂದರೆ ನಮ್ಮ ಮುಂಗಾರು, ಜೂನ್–ಜುಲೈ ಬಿತ್ತನೆ. ನಮ್ಮ ಹಿರಿಯರ ಲೆಕ್ಕದಲ್ಲಿ ಮೃಗಶಿರಾ, ಆರಿದ್ರಾ ಮಳೆಗಳ ಹೊತ್ತು. ರಬಿ ಎಂದರೆ ಹಿಂಗಾರು, ಅಕ್ಟೋಬರ್–ನವೆಂಬರ್. ಬೇಸಿಗೆ ಎಂದರೆ ಜನವರಿ ಕೊನೆಯಿಂದ ಮಾರ್ಚ್‌ವರೆಗಿನ ಬಿತ್ತನೆ. ಬೇಸಿಗೆ ಬೆಳೆ ಎಂದೊಡನೆ ಏಪ್ರಿಲ್‌ನಲ್ಲಿ ಬಿತ್ತಬೇಕೆಂದು ಹೊಸಬರು ತಿಳಿಯುವುದುಂಟು. ಪೊಟ್ಟಣ ಹೇಳುವುದು ಬೆಳೆ ನಿಂತಿರುವ ಕಾಲವನ್ನು. ಬಿತ್ತನೆ ಅದಕ್ಕಿಂತ ಮೊದಲೇ ಆಗಿರಬೇಕು. ನಿಮ್ಮ ಪೊಟ್ಟಣದಲ್ಲಿ ಖರೀಫ್ ಇದೆ, ಬೇಸಿಗೆ ಇದೆ, ನಡುವಿನ ರಬಿ ಇಲ್ಲ. ಅದು ಅಚ್ಚಿನ ತಪ್ಪಲ್ಲ, ಬೇಕೆಂದೇ ಬಿಟ್ಟದ್ದು.

ಕಾಲದ ಸಾಲಿನಲ್ಲಿ ಎರಡು ಸಂಗತಿಗಳು ಒಟ್ಟಿಗೆ ಸೇರಿಕೊಂಡಿವೆ, ಮಳೆ ಮತ್ತು ಬಿಸಿ. ಜೂನ್ ಎಂದು ಬರೆಯಲು ಮಳೆ ಕಾರಣ. ನಿಮ್ಮ ಮನೆಯಲ್ಲಿ ನಲ್ಲಿ ಇದೆ, ಹಾಗಾಗಿ ಮಳೆಯ ಕಾರಣ ನಿಮಗೆ ಅನ್ವಯಿಸುವುದಿಲ್ಲ. ಏಪ್ರಿಲ್‌ನಲ್ಲಿ ಬಿತ್ತಿ ನೀರುಣಿಸಿದರೂ ಬೆಂಡೆ ಬರುತ್ತದೆ. ಆದರೆ ನಲ್ಲಿಯಿಂದ ಬಿಸಿ ಬರುವುದಿಲ್ಲ. ಬೆಂಡೆ ಬಿಸಿಯನ್ನು ಬೇಡುವ ಗಿಡ. ಅದರ ಬೀಜ ಮೊಳೆಯಲು ಮಣ್ಣು 30 ಡಿಗ್ರಿ ಸೆಲ್ಸಿಯಸ್ ಇದ್ದರೆ ಸುಮಾರು ಒಂದು ವಾರ ಸಾಕು. 25 ಡಿಗ್ರಿಯಲ್ಲಿ ಹದಿಮೂರು ದಿನ ಬೇಕು, 20 ಡಿಗ್ರಿಯಲ್ಲಿ ಹದಿನೇಳು ದಿನ. 15 ಡಿಗ್ರಿಗೆ ಇಳಿದರೆ ಹೆಚ್ಚುಕಡಿಮೆ ನಾಲ್ಕು ವಾರ ಹಿಡಿಯುತ್ತದೆ, ಅದೂ ಬೀಜ ಬದುಕಿ ಉಳಿದಿದ್ದರೆ.

ಮೈಸೂರಿನಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳು 16–17 ಡಿಗ್ರಿಯ ಆಸುಪಾಸಿಗೆ ಇಳಿಯುತ್ತವೆ. ಹಗಲು ಬಿಸಿಲಿದ್ದರೂ ಮಣ್ಣಿನ ಸರಾಸರಿ ಬಿಸಿ ಕಡಿಮೆಯೇ. ಈಗ ಬಿತ್ತಿದರೆ ಬೀಜ ಒದ್ದೆ ಮಣ್ಣಿನಲ್ಲಿ ಎರಡು ವಾರ ಸುಮ್ಮನೆ ಮಲಗಿರುತ್ತದೆ. ಅಷ್ಟು ದಿನ ಶಿಲೀಂಧ್ರಗಳು ಸುಮ್ಮನಿರುವುದಿಲ್ಲ. ಹೊಸಬರ ಕೈಯೂ ಸುಮ್ಮನಿರುವುದಿಲ್ಲ. ಮೊಳಕೆ ಕಾಣದಿದ್ದಷ್ಟೂ ನೀರು ಹಾಕುತ್ತಾರೆ, ಬೀಜ ಕೊಳೆಯುತ್ತದೆ. ಹೇಗೋ ಮೇಲೆ ಬಂದ ಸಸಿಗಳೂ ಎರಡೆಲೆ ಬಿಟ್ಟು ಹಾಗೆಯೇ ನಿಂತುಬಿಡುತ್ತವೆ. ಫೆಬ್ರವರಿಯಲ್ಲಿ ಬಿತ್ತಿದ ಬೀಜ ಮಾರ್ಚ್ ಹೊತ್ತಿಗೆ ಅವನ್ನು ಹಿಂದಿಕ್ಕುವುದನ್ನು ನಾನು ನನ್ನದೇ ತೋಟದಲ್ಲಿ ನೋಡಿದ್ದೇನೆ.

ಮಂಗಳೂರಿನಲ್ಲಿರುವ ನಿಮ್ಮ ಗೆಳತಿಯೊಬ್ಬರು ಡಿಸೆಂಬರ್‌ನಲ್ಲೇ ಬೆಂಡೆ ಬಿತ್ತಿದರೆ ಅಚ್ಚರಿಪಡಬೇಡಿ. ಕರಾವಳಿಯಲ್ಲಿ ಆಗಲೂ ರಾತ್ರಿ ಅಷ್ಟು ತಣ್ಣಗಾಗುವುದಿಲ್ಲ. ಅವರ ತೊಂದರೆ ಜೂನ್‌ನದು. ನೀರು ನಿಂತ ಮಣ್ಣಿನಲ್ಲಿ ಬೀಜ ಉಸಿರುಗಟ್ಟುತ್ತದೆ, ಅದಕ್ಕೆ ಅವರು ಮಣ್ಣನ್ನು ದಿಬ್ಬವಾಗಿ ಏರಿಸಿ ಬಿತ್ತಬೇಕು. ಪೊಟ್ಟಣದ ಕಾಲದ ಸಾಲು ಇಡೀ ರಾಜ್ಯಕ್ಕೆ, ಕೆಲವೊಮ್ಮೆ ಐದಾರು ರಾಜ್ಯಗಳಿಗೆ ಒಂದೇ ಆಗಿರುತ್ತದೆ. ನಿಮ್ಮ ಊರಿನ ರಾತ್ರಿಯ ಚಳಿ ಅದಕ್ಕೆ ಗೊತ್ತಿಲ್ಲ. ಉತ್ತರ ಭಾರತದ ಕಂಪನಿಗಳ ಪೊಟ್ಟಣದಲ್ಲಿ ಕೋಸು, ಕ್ಯಾರೆಟ್‌ಗಳ ಎದುರು ಅಕ್ಟೋಬರ್ ಎಂದಿದ್ದರೆ ಅಲ್ಲಿನ ಕೊರೆಯುವ ಚಳಿಯನ್ನು ಮನಸ್ಸಿನಲ್ಲಿಟ್ಟು ಬರೆದಿರುತ್ತಾರೆ ಎಂಬುದೂ ನೆನಪಿರಲಿ.

ಫೋಟೊದಲ್ಲಿ ಇನ್ನೆರಡು ದಿನಾಂಕಗಳಿವೆ, ಅವನ್ನು ನೀವು ಕೇಳಿಲ್ಲ. ಬೀಜ ಪರೀಕ್ಷೆ ಮಾಡಿದ್ದು ಜುಲೈ, ಬಳಕೆಯ ಅವಧಿ ಮುಗಿಯುವುದು ಏಪ್ರಿಲ್. ಪರೀಕ್ಷೆಯಾದ ದಿನದಿಂದ ಒಂಬತ್ತು ತಿಂಗಳು ಎಂಬುದು ನಮ್ಮಲ್ಲಿನ ನಿಯಮ. ಜನವರಿವರೆಗೆ ಕಾಯಬೇಕು ಎಂದಾಗ ಬೀಜ ಹಾಳಾದೀತೇ ಎಂಬ ಅಳುಕು ಬರಬಹುದು. ಅವಧಿಯೊಳಗೇ ಇರುತ್ತೀರಿ. ಪೊಟ್ಟಣವನ್ನು ಒಲೆಯಿಂದ ದೂರ, ಒಣಗಿದ ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿಡಿ. ಅಡುಗೆಮನೆಯ ಕಿಟಕಿ ಅದಕ್ಕೆ ತಕ್ಕ ಜಾಗವಲ್ಲ. ಬೀಜವನ್ನು ಕೊಲ್ಲುವುದು ತೇವ ಮತ್ತು ಬಿಸಿ.

ಅಲ್ಲಿಯವರೆಗೆ ಬ್ಯಾಗ್‌ಗಳನ್ನು ಖಾಲಿ ಬಿಡಬೇಡಿ. ಮೆಂತ್ಯ, ಕೊತ್ತಂಬರಿ, ಮೂಲಂಗಿ ಈ ಹವೆಗೆ ಹೇಳಿ ಮಾಡಿಸಿದ ಬೆಳೆಗಳು. ಈಗ ಬಿತ್ತಿದರೆ ಜನವರಿಯೊಳಗೆ ಕಿತ್ತು ಮುಗಿಯುತ್ತವೆ.

ಇನ್ನು ಆಳ. ಬೀಜವನ್ನು ಅದರ ದಪ್ಪದ ಮೂರು, ನಾಲ್ಕು ಪಟ್ಟು ಆಳಕ್ಕೆ ಇಳಿಸಬೇಕು ಎಂಬುದು ಹಳೆಯ ಅಂದಾಜು. ಬೆಂಡೆ ಬೀಜ ಐದು ಮಿಲಿಮೀಟರ್‌ ಆಸುಪಾಸು ಇರುವುದರಿಂದ ಪೊಟ್ಟಣದ 2 ಸೆಂಟಿಮೀಟರ್ ಈ ಅಂದಾಜಿಗೆ ಸರಿಹೊಂದುತ್ತದೆ. ಈ ಆಳವನ್ನು ಎರಡು ಕಡೆಯ ಎಳೆದಾಟ ನಿರ್ಧರಿಸುತ್ತದೆ. ಮೇಲಿನ ಒಂದು ಸೆಂಟಿಮೀಟರ್ ಮಣ್ಣು ಬಿಸಿಲಿಗೆ ಮಧ್ಯಾಹ್ನದೊಳಗೆ ಒಣಗುತ್ತದೆ. ಬೀಜ ಅಲ್ಲಿದ್ದರೆ ನೀರು ಕುಡಿದು ಉಬ್ಬಿ, ಮತ್ತೆ ಒಣಗಿ ಸಾಯುತ್ತದೆ. ತುಂಬ ಕೆಳಗಿಳಿಸಿದರೆ ಮೊಳಕೆ ತನ್ನಲ್ಲಿರುವ ಬುತ್ತಿ ಮುಗಿಯುವ ಮೊದಲು ಬೆಳಕನ್ನು ಮುಟ್ಟುವುದಿಲ್ಲ. ಬೆಂಡೆಯ ಮೊಳಕೆ ನೇರವಾಗಿ ಏಳುವುದಿಲ್ಲ, ಕುತ್ತಿಗೆಯನ್ನು ಕೊಕ್ಕೆಯಂತೆ ಬಗ್ಗಿಸಿ ಎರಡು ದಪ್ಪ ಬೀಜದಳಗಳನ್ನು ಹಿಂದಿನಿಂದ ಎಳೆದುಕೊಂಡು ಬರುತ್ತದೆ. ಮೇಲೆ ಹೊರೆ ಹೆಚ್ಚಾದರೆ ಮುರಿಯುವುದು ಆ ಕುತ್ತಿಗೆಯೇ.

ಈ ಕಾರಣ ನಿಮ್ಮ ಎರಡೂ ಜಾಗಗಳಲ್ಲಿ ಬೇರೆ ಬೇರೆಯಾಗಿ ಕೆಲಸ ಮಾಡುತ್ತದೆ. ತಾರಸಿಯ ಬ್ಯಾಗ್‌ನಲ್ಲಿ ಮಣ್ಣು, ಕೊಕೊಪೀಟ್, ಗೊಬ್ಬರ ಬೆರೆತಿರುವುದರಿಂದ ಹಗುರ, ಮೊಳಕೆಗೆ ತಳ್ಳುವುದು ಸುಲಭ. ಆದರೆ ಮೇಲ್ಭಾಗ ಬೇಗ ಒಣಗುತ್ತದೆ. ಅಲ್ಲಿ ಪೊಟ್ಟಣ ಹೇಳಿದ ಪೂರ್ತಿ 2.5 ಸೆಂಟಿಮೀಟರ್ ಇಳಿಸಿ. ಹಿತ್ತಿಲ ಕೆಂಪು ಮಣ್ಣು ಹಾಗಲ್ಲ. ನೀರು ಹೊಯ್ದು ಬಿಸಿಲು ಬಿದ್ದ ಮೇಲೆ ಅದರ ಮೇಲ್ಪದರ ಹಪ್ಪಳದಂತೆ ಗಟ್ಟಿಯಾಗುತ್ತದೆ. ಅಲ್ಲಿ 2 ಸೆಂಟಿಮೀಟರ್‌ಗಿಂತ ಕೆಳಗೆ ಹೋಗಬೇಡಿ. ಬೀಜವನ್ನು ಅದೇ ಕೆಂಪು ಮಣ್ಣಿನಿಂದ ಮುಚ್ಚುವ ಬದಲು ಜರಡಿ ಹಿಡಿದ ಕೊಟ್ಟಿಗೆ ಗೊಬ್ಬರ ಮತ್ತು ಮರಳನ್ನು ಸಮವಾಗಿ ಬೆರೆಸಿ ಅದರಿಂದ ಮುಚ್ಚಿ. ಹಪ್ಪಳ ಕಟ್ಟುವುದಿಲ್ಲ.

ಅಳತೆಗೆ ಸ್ಕೇಲ್ ಬೇಡ. ತೋರುಬೆರಳಿನ ಮೊದಲ ಗೆಣ್ಣು ಹೆಚ್ಚಿನವರಿಗೆ ಎರಡೂವರೆ ಸೆಂಟಿಮೀಟರ್‌ ಇರುತ್ತದೆ. ನಿಮ್ಮದನ್ನು ಒಮ್ಮೆ ಅಳೆದಿಟ್ಟುಕೊಳ್ಳಿ. ಬೆರಳಿಗಿಂತ ಒಳ್ಳೆಯದು ಹಳೆಯ ಪೆನ್ಸಿಲ್: ಮೊನೆಯಿಲ್ಲದ ತುದಿಯಿಂದ 2 ಮತ್ತು 2.5ಕ್ಕೆ ಎರಡು ಗೀರು ಹಾಕಿ, ಆ ಗೀರಿನವರೆಗೆ ಚುಚ್ಚಿ.

ಇಲ್ಲೊಂದು ಎಡವಟ್ಟನ್ನು ನಾನೇ ಮಾಡಿದ್ದೇನೆ. ಮೊದಲ ವರ್ಷ ಒಣ ಮಿಶ್ರಣವನ್ನು ಬ್ಯಾಗ್‌ಗೆ ತುಂಬಿ, ಬೆರಳಳತೆಗೆ ಬೀಜ ಹಾಕಿ, ಆಮೇಲೆ ಝಾರಿಯಿಂದ ನೀರು ಸುರಿದೆ. ಮಣ್ಣು ಕುಸಿದು ಹಳ್ಳ ಬಿತ್ತು, ಹಳ್ಳಕ್ಕೆ ಸುತ್ತಲಿನ ಮಣ್ಣು ಹರಿದುಬಂತು. ಎರಡೂವರೆಗೆ ಹಾಕಿದ ಬೀಜಗಳಲ್ಲಿ ಕೆಲವು ಐದು ಸೆಂಟಿಮೀಟರ್ ಕೆಳಗೆ, ಕೆಲವು ಮೇಲೆ ತೇಲಿ ಅಂಚಿಗೆ ಬಂದಿದ್ದವು. ಹತ್ತು ದಿನ ಕಾದು ಬೀಜ ಮಾರಿದವರನ್ನು ಬೈದೆ. ಕೆದಕಿ ನೋಡಿದ ಮೇಲೆ ಬೈಗುಳ ನನಗೇ ಸಲ್ಲಬೇಕಾಗಿತ್ತೆಂದು ತಿಳಿಯಿತು. ಆದ್ದರಿಂದ ಬ್ಯಾಗ್ ತುಂಬಿದ ದಿನವೇ ಬಿತ್ತಬೇಡಿ. ಹಿಂದಿನ ಸಂಜೆ ಚೆನ್ನಾಗಿ ನೀರು ಹಾಕಿ, ಮಣ್ಣು ಕೂರಲಿ. ಮರುದಿನ ಬೆಳಿಗ್ಗೆ ಕುಸಿದಷ್ಟನ್ನು ಮತ್ತೆ ತುಂಬಿಸಿ, ಆಮೇಲೆ ಪೆನ್ಸಿಲ್ ಚುಚ್ಚಿ. ಹದವಾಗಿ ತೇವವಾಗಿರುವ ಮಣ್ಣಿನಲ್ಲಿ ಬಿತ್ತಿದರೆ ಆ ದಿನ ಮತ್ತೆ ನೀರು ಸುರಿಯುವ ಅಗತ್ಯವಿಲ್ಲ, ಮೇಲೆ ಚಿಮುಕಿಸಿದರೆ ಸಾಕು.

ಬೀಜ ನೆನೆಸಬೇಕೇ ಎಂದು ಮುಂದೆ ಕೇಳುತ್ತೀರಿ, ಎಲ್ಲರೂ ಕೇಳುತ್ತಾರೆ. ಬೆಂಡೆ ಬೀಜದ ಸಿಪ್ಪೆ ಗಡುಸು, ಮನೆಯಲ್ಲಿ ಕೂಡಿಟ್ಟ ಬೀಜವನ್ನು ರಾತ್ರಿ ನೆನೆಸುವುದು ಒಳ್ಳೆಯ ರೂಢಿಯೇ. ಆದರೆ ನಿಮ್ಮ ಪೊಟ್ಟಣದ ಕೆಳ ಮೂಲೆಯಲ್ಲಿ ಥೀರಂನಿಂದ ಉಪಚರಿಸಿದ ಬೀಜ ಎಂದು ಸಣ್ಣ ಅಕ್ಷರದಲ್ಲಿದೆ. ಥೀರಂ ಶಿಲೀಂಧ್ರನಾಶಕ. ಒಡೆದಾಗ ಬೀಜ ಗುಲಾಬಿಯೋ ಬೇರೆ ಯಾವುದೋ ಬಣ್ಣದಲ್ಲಿ ಕಾಣಬಹುದು, ಆ ಬಣ್ಣ ತಿನ್ನಬಾರದು ಎಂಬ ಎಚ್ಚರಿಕೆಗಾಗಿಯೇ ಹಚ್ಚಿದ್ದು. ಇಂಥ ಬೀಜವನ್ನು ನೆನೆಸಿದರೆ ಔಷಧ ನೀರಿಗೆ ಹೋಗುತ್ತದೆ, ಆ ನೀರು ನಿಮ್ಮ ಅಡುಗೆ ಪಾತ್ರೆಯಲ್ಲಿರುತ್ತದೆ. ಒಣಗಿದ್ದಂತೆಯೇ ಬಿತ್ತಿ, ಕೈ ಸೋಪು ಹಾಕಿ ತೊಳೆಯಿರಿ, ಮಕ್ಕಳ ಕೈಗೆ ಕೊಡಬೇಡಿ. ಉಳಿದ ಬೀಜವನ್ನು ಹಕ್ಕಿಗೂ ಹಾಕಬೇಡಿ.

ಮೊಳಕೆ ಬರಲಿಲ್ಲ ಎಂದಾಗ ಇನ್ನೊಂದು ಪೊಟ್ಟಣ ತರುವ ಮೊದಲು ಕೆದಕಿ ನೋಡಿ. ಫೆಬ್ರವರಿಯಲ್ಲಿ ಹತ್ತು ದಿನ ಕಳೆದರೂ ಏನೂ ಕಾಣದಿದ್ದರೆ ಒಂದೆರಡು ಗುಂಡಿಗಳನ್ನು ಚಮಚದಿಂದ ನಿಧಾನವಾಗಿ ಬಿಡಿಸಿ. ಬೀಜ ಹಾಕಿದಾಗ ಇದ್ದಂತೆಯೇ ಗಟ್ಟಿಯಾಗಿದ್ದರೆ ನೀರು ಅದನ್ನು ತಲುಪಿಲ್ಲ, ಮೇಲಷ್ಟೇ ಒದ್ದೆ ಮಾಡಿದ್ದೀರಿ. ಬೀಜದ ಸಿಪ್ಪೆ ಒಡೆಯದೆ ಗಡುಸಾಗಿಯೇ ಉಳಿದಿದ್ದೂ ಇರಬಹುದು, ಇನ್ನೊಂದು ವಾರ ಕಾಯಿರಿ. ಒತ್ತಿದರೆ ಪಿಚಕ್ಕನೆ ಕೀವಿನಂತೆ ಹೊರಬಂದು ನಾರಿದರೆ ಅದು ಕೊಳೆತದ್ದು: ನೀರು ಹೆಚ್ಚಾಯಿತು ಅಥವಾ ಮಣ್ಣು ತಣ್ಣಗಿತ್ತು. ಬಿಳಿ ಮೊಳಕೆ ಬಂದು, ಮೇಲಿನ ಗಟ್ಟಿ ಪದರಕ್ಕೆ ಡಿಕ್ಕಿ ಹೊಡೆದು ಸುರುಳಿ ಸುತ್ತಿದ್ದರೆ ಆಳ ಹೆಚ್ಚಾಗಿದೆ ಅಥವಾ ಹಪ್ಪಳ ಕಟ್ಟಿದೆ. ಪದರವನ್ನು ಕಡ್ಡಿಯಿಂದ ಮೆಲ್ಲಗೆ ಒಡೆದು ನೀರು ಚಿಮುಕಿಸಿದರೆ ಇಂಥವು ಬದುಕುತ್ತವೆ. ಬೀಜವೇ ಕಾಣದಿದ್ದರೆ ಇರುವೆ, ಇಲಿ, ಅಳಿಲುಗಳನ್ನು ಶಂಕಿಸಿ, ಮುಂದಿನ ಸಲ ಮೇಲೊಂದು ತೂತಿನ ಪ್ಲಾಸ್ಟಿಕ್ ಬುಟ್ಟಿಯನ್ನು ಬೋರಲು ಹಾಕಿ. ಈ ನಾಲ್ಕರಲ್ಲಿ ಬೀಜದ ತಪ್ಪು ಯಾವುದೂ ಅಲ್ಲ ಎಂಬುದನ್ನು ಗಮನಿಸಿ. ಬೀಜವೇ ಸತ್ತಿದೆಯೆಂಬ ಅನುಮಾನವಿದ್ದರೆ ಇಪ್ಪತ್ತು ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬೆಚ್ಚಗಿನ ಮೂಲೆಯಲ್ಲಿ ಇಟ್ಟು ಹತ್ತು ದಿನದ ನಂತರ ಎಣಿಸಿ. ಬೆಂಡೆಗೆ ನಿಗದಿಯಾದ ಕನಿಷ್ಠ ಮೊಳಕೆ ನೂರಕ್ಕೆ 65, ಅಂದರೆ ಇಪ್ಪತ್ತರಲ್ಲಿ ಹದಿಮೂರು.

ಆ 65 ಎಂಬ ಅಂಕಿ ಇನ್ನೊಂದು ಕೆಲಸಕ್ಕೂ ಬರುತ್ತದೆ. ನಿಮ್ಮ ಪೊಟ್ಟಣದಲ್ಲೂ ಅದೇ ಅಚ್ಚಾಗಿದೆ. ಗುಂಡಿಗೆ ಒಂದೇ ಬೀಜ ಹಾಕಿದರೆ, ಬೀಜ ಕನಿಷ್ಠ ಮಟ್ಟದಲ್ಲಿದ್ದಾಗ ಇಪ್ಪತ್ತು ಗುಂಡಿಗಳಲ್ಲಿ ಏಳು ಖಾಲಿ ಉಳಿಯುತ್ತವೆ. ಎರಡು ಹಾಕಿದರೆ ಎರಡೂ ಮೊಳೆಯದೆ ಹೋಗುವ ಸಾಧ್ಯತೆ ನೂರಕ್ಕೆ ಹನ್ನೆರಡು, ಅಂದರೆ ಇಪ್ಪತ್ತರಲ್ಲಿ ಎರಡು ಮೂರು ಗುಂಡಿ ಖಾಲಿ. ಮೂರು ಹಾಕಿದರೆ ಒಂದು ಗುಂಡಿ ಖಾಲಿ ಉಳಿದೀತು. ಬೀಜ ಇದಕ್ಕಿಂತ ಚೆನ್ನಾಗಿಯೇ ಇರುವುದು ವಾಡಿಕೆ. ಹಾಗಾಗಿ ಗುಂಡಿಗೆ ಎರಡು ಬೀಜ ಹಾಕಿ, ಖಾಲಿ ಉಳಿದದ್ದನ್ನು ತುಂಬಲು ನಾಲ್ಕೈದು ಬೀಜಗಳನ್ನು ಅದೇ ದಿನ ಪೇಪರ್ ಲೋಟಗಳಲ್ಲಿ ಬಿತ್ತಿಡಿ ಎಂದು ಹೇಳುತ್ತೇನೆ. ಲೋಟದ ತಳಕ್ಕೆ ತೂತು ಮಾಡಲು ಮರೆಯಬೇಡಿ. ಬೆಂಡೆಗೆ ತಾಯಿಬೇರು ನೇರ ಕೆಳಗಿಳಿಯುತ್ತದೆ, ಟೊಮೆಟೊ ಸಸಿಯಂತೆ ಕಿತ್ತು ನೆಟ್ಟರೆ ಮುನಿಸಿಕೊಳ್ಳುತ್ತದೆ. ಲೋಟವನ್ನೇ ಸೀಳಿ ಮಣ್ಣಿನ ಮುದ್ದೆ ಅಲುಗದಂತೆ ಇಳಿಸಬೇಕು.

ಎಕರೆಗೆ 3–4 ಕೆ.ಜಿ. ಎಂಬ ಸಾಲೂ ಇದನ್ನೇ ಹೇಳುತ್ತಿದೆ. 60 × 30ರ ಲೆಕ್ಕದಲ್ಲಿ ಒಂದು ಗಿಡಕ್ಕೆ ಸಿಗುವ ಜಾಗ 0.18 ಚದರ ಮೀಟರ್, ಒಂದು ಎಕರೆಗೆ ಸುಮಾರು 22,500 ಗುಂಡಿಗಳು. ಬೆಂಡೆಯ ಸಾವಿರ ಬೀಜ ಸುಮಾರು 60 ಗ್ರಾಂ ತೂಗುತ್ತದೆ. ಗುಂಡಿಗೆ ಎರಡು ಬೀಜವಾದರೆ 2.7 ಕೆ.ಜಿ., ಮೂರಾದರೆ 4 ಕೆ.ಜಿ. ಅಂದರೆ ಗುಂಡಿಗೆ ಎರಡು ಮೂರು ಬೀಜ ಹಾಕು ಎಂಬ ಮಾತನ್ನು ಎಕರೆಯ ಭಾಷೆಯಲ್ಲಿ ಬರೆದಿದ್ದಾರೆ. ಇದೇ ತೂಕದ ಪ್ರಕಾರ ನಿಮ್ಮ 10 ಗ್ರಾಂ ಪೊಟ್ಟಣದಲ್ಲಿ ನೂರೈವತ್ತಕ್ಕೂ ಹೆಚ್ಚು ಬೀಜಗಳಿರುತ್ತವೆ. ನಿಮಗೆ ಅರುವತ್ತು ಸಾಕು, ಎಣಿಸಿ ತೋರಿಸುತ್ತೇನೆ.

ಅಂತರದ ಎರಡು ಅಂಕಿಗಳಿಗೆ ಕಾರಣಗಳೂ ಎರಡು. 60 ಸೆಂಟಿಮೀಟರ್ ಹೆಚ್ಚಾಗಿ ಮನುಷ್ಯನಿಗಾಗಿ ಬಿಟ್ಟದ್ದು. ಕಳೆ ತೆಗೆಯಬೇಕು, ಸಾಲಿಗೆ ಮಣ್ಣು ಏರಿಸಬೇಕು, ಔಷಧ ಸಿಂಪಡಿಸಬೇಕು, ದಿನ ಬಿಟ್ಟು ದಿನ ಕಾಯಿ ಕೊಯ್ಯಲು ಸಾಲಿನ ನಡುವೆ ನಡೆಯಬೇಕು. ಬೆಂಡೆಯ ಎಲೆ, ಕಾಯಿಗಳ ಮೇಲಿನ ಸಣ್ಣ ಮುಳ್ಳುಗೂದಲು ಮೈಗೆ ತಾಗಿದರೆ ಗಂಟೆಗಟ್ಟಲೆ ತುರಿಸುತ್ತದೆ ಎಂಬುದು ಒಮ್ಮೆ ಇಕ್ಕಟ್ಟಿನ ಸಾಲಿನಲ್ಲಿ ಹೊಕ್ಕವರಿಗೆ ಗೊತ್ತು. 30 ಸೆಂಟಿಮೀಟರ್ ಗಿಡಕ್ಕಾಗಿ, ಅದರ ಬೇರಿಗೂ ಅಂಗೈಯಗಲದ ಎಲೆಗಳಿಗೂ ಬೇಕಾದ ಜಾಗ. ತಾರಸಿಯ ಬ್ಯಾಗ್‌ಗಳ ನಡುವೆ ಯಾರೂ ನೇಗಿಲು ಹೊಡೆಯುವುದಿಲ್ಲ, ಅಲ್ಲಿ 60 ಬಿದ್ದುಹೋಯಿತು. 30 ಮಾತ್ರ ಎಲ್ಲಿಗೆ ಹೋದರೂ ಬಿಡದು.

ಹನ್ನೆರಡು ಇಂಚಿನ ಬ್ಯಾಗ್ ಅಡ್ಡಲಾಗಿ 30 ಸೆಂಟಿಮೀಟರ್‌, ತುಂಬಿದರೆ ಸುಮಾರು 20 ಲೀಟರ್ ಮಣ್ಣು. ಅದರಲ್ಲಿ ಒಂದು ಬೆಂಡೆ ಗಿಡ. ಎರಡು ಬೆಳೆಯಬಹುದಲ್ಲ ಎಂದು ವಾದಿಸುವವರಿದ್ದಾರೆ. ಬೆಳೆಯುತ್ತವೆ, ನಿಜ. ಆದರೆ ಬೇಸಿಗೆಯಲ್ಲಿ ಆ ಬ್ಯಾಗ್‌ಗೆ ದಿನಕ್ಕೆ ಎರಡು ಸಲ ನೀರು ಬೇಕಾಗುತ್ತದೆ, ಒಂದು ದಿನ ಊರಿಗೆ ಹೋದರೆ ಎರಡೂ ಬಾಡುತ್ತವೆ. ಕಾಯಿಯ ಒಟ್ಟು ಲೆಕ್ಕವೂ ದುಪ್ಪಟ್ಟಾಗುವುದಿಲ್ಲ. ಹೊಸಬರಿಗೆ ಒಂದೇ ಸರಿ. ಬ್ಯಾಗ್‌ಗಳನ್ನು ಒಂದಕ್ಕೊಂದು ತಾಗಿಸಿ ಎರಡು ಸಾಲಲ್ಲಿ ಇಟ್ಟರೂ ಗಿಡದಿಂದ ಗಿಡಕ್ಕೆ 30 ಸಿಗುತ್ತದೆ. ಎರಡೂ ಬದಿಯಿಂದ ಕೈ ಹೋಗುವಂತಿರಲಿ, ನಾಲ್ಕು ಸಾಲು ಒತ್ತೊತ್ತಾಗಿ ಜೋಡಿಸಬೇಡಿ.

ಹಿತ್ತಿಲಿಗೆ ಬರೋಣ. ಹತ್ತಡಿ ಎಂದರೆ ಸುಮಾರು 300 ಸೆಂಟಿಮೀಟರ್, ನಾಲ್ಕಡಿ ಎಂದರೆ 120. ಅಗಲದಲ್ಲಿ ಒಂದು ಅಂಚಿನಿಂದ 30 ಬಿಟ್ಟು ಮೊದಲ ಸಾಲಿನ ದಾರ ಕಟ್ಟಿ, ಅಲ್ಲಿಂದ 60ಕ್ಕೆ ಎರಡನೆಯದು, ಆಚೆ ಅಂಚಿಗೆ ಮತ್ತೆ 30 ಉಳಿಯಿತು. ಪ್ರತಿ ಸಾಲಿನಲ್ಲಿ ತುದಿಯಿಂದ 15 ಬಿಟ್ಟು ಪ್ರತಿ 30ಕ್ಕೆ ಒಂದು ಗುಂಡಿ, ಒಟ್ಟು ಹತ್ತು. ಎರಡನೆಯ ಸಾಲಿನ ಗುಂಡಿಗಳನ್ನು ಮೊದಲ ಸಾಲಿನ ಎರಡು ಗುಂಡಿಗಳ ನಡುವಿಗೆ ಎದುರಾಗಿ ಹಾಕಿದರೆ ಬೆಳಕು ಹಂಚಿಕೆಯಾಗುತ್ತದೆ, ಒಂದು ಗುಂಡಿ ಕಡಿಮೆಯಾದರೂ ಚಿಂತೆಯಿಲ್ಲ. ಹಿತ್ತಿಲಲ್ಲಿ ಇಪ್ಪತ್ತು ಗುಂಡಿ, ತಾರಸಿಯಲ್ಲಿ ಎಂಟು. ತಲಾ ಎರಡರಂತೆ ಐವತ್ತಾರು ಬೀಜ, ಲೋಟಗಳಿಗೆ ನಾಲ್ಕು. ಅರುವತ್ತು ಅಂದದ್ದು ಹೀಗೆ.

ಆ ಜಾಗದ ಎರಡೂ ಬದಿಯಲ್ಲಿ ಓಡಾಡಲು ದಾರಿಯಿದ್ದರೆ ಮೂರು ಸಾಲು ಹಾಕುವ ಆಸೆ ಹುಟ್ಟುತ್ತದೆ: ಅಂಚಿನಿಂದ 15ಕ್ಕೆ ಒಂದು, 60ಕ್ಕೆ ಒಂದು, 105ಕ್ಕೆ ಒಂದು. ಸಾಲಿನ ನಡುವೆ 45 ಸಿಗುತ್ತದೆ, ಮೂವತ್ತು ಗಿಡ ಹಿಡಿಯುತ್ತದೆ. ನುರಿತವರು ಮಾಡಬಹುದು. ನಿಮಗೆ ಬೇಡವೆನ್ನುವುದಕ್ಕೆ ಕಾರಣ ನಡುವಿನ ಸಾಲು. ಗಾಳಿಯಾಡದೆ ಅಲ್ಲಿ ಎಲೆಯ ಮೇಲೆ ಬಿಳಿ ಹಿಟ್ಟು ಚೆಲ್ಲಿದಂಥ ಬೂದಿರೋಗ ಮೊದಲು ಕಾಣುತ್ತದೆ. ಎಲೆಯ ಅಡಿಯಲ್ಲಿ ಕೂರುವ ಬಿಳಿನೊಣ ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಬಿಳಿನೊಣ ಹರಡುವುದು ಬೆಂಡೆಯ ದೊಡ್ಡ ಶತ್ರುವಾದ ಹಳದಿ ನಂಜುರೋಗವನ್ನು. ಎಲೆಯ ನರಗಳು ಹಳದಿ ಬಲೆಯಂತೆ ಎದ್ದು ಕಾಣುತ್ತವೆ, ಕಾಯಿ ಬಿಳಿಚಿಕೊಳ್ಳುತ್ತದೆ. ಅಂಥ ಗಿಡಕ್ಕೆ ಔಷಧವಿಲ್ಲ, ಕಂಡ ದಿನವೇ ಕಿತ್ತು ದೂರ ಹಾಕಬೇಕು. ಬೇಸಿಗೆಯ ಬೆಳೆಗೆ ಇದರ ಕಾಟ ಹೆಚ್ಚು. ನಿಮ್ಮ ಪೊಟ್ಟಣದ ತಳಿ ಅರ್ಕಾ ಅನಾಮಿಕ, ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯದು. ಈ ರೋಗವನ್ನು ತಡೆಯಲೆಂದೇ ಕಾಡು ಬೆಂಡೆಯ ಜೊತೆ ಸಂಕರಿಸಿ ರೂಪಿಸಿದ್ದು. ಆದರೂ ಹಲವು ಕಡೆ ವರ್ಷಗಳು ಕಳೆದಂತೆ ಆ ತಡೆ ಸಡಿಲವಾಗಿದೆ. ಪೊಟ್ಟಣದ ಮೇಲೆ ರೋಗನಿರೋಧಕ ಎಂದಿದ್ದ ಮಾತ್ರಕ್ಕೆ ಎಲೆ ತಿರುಗಿಸಿ ನೋಡುವುದನ್ನು ಬಿಡಬೇಡಿ.

ಗಿಡಗಳು ಒತ್ತಾಗಿವೆಯೇ ಎಂಬುದು ಆರನೆಯ ವಾರದ ಹೊತ್ತಿಗೆ ಗಿಡವೇ ಹೇಳುತ್ತದೆ. ಕಾಂಡ ಸಣಕಲಾಗಿ ಬೆಳಕಿನ ಕಡೆಗೆ ಉದ್ದಕ್ಕೆ ಓಡಿರುತ್ತದೆ, ಕೆಳಗಿನ ಎಲೆಗಳು ಹಳದಿಯಾಗಿ ಉದುರುತ್ತವೆ, ಮೊದಲ ಹೂವು ಮೊಣಕಾಲಿನ ಕೆಳಗೆ ಬರಬೇಕಾದದ್ದು ಎಲ್ಲೋ ಮೇಲೆ ಬರುತ್ತದೆ.

ಗುಂಡಿಗೆ ಎರಡು ಹಾಕಿ ಎರಡೂ ಮೊಳೆತಾಗ ಒಂದನ್ನು ತೆಗೆಯಬೇಕು. ಈ ಕೆಲಸಕ್ಕೆ ಹೊಸಬರ ಕೈ ಏಳುವುದಿಲ್ಲ, ಎರಡೂ ಚೆನ್ನಾಗಿವೆಯಲ್ಲ ಎಂದು ಬಿಟ್ಟುಬಿಡುತ್ತಾರೆ. ಆಗ ಪೊಟ್ಟಣದ 30 ಸೆಂಟಿಮೀಟರ್ ಎರಡು ಸೆಂಟಿಮೀಟರ್ ಆಯಿತು, ದಾರ ಕಟ್ಟಿ ಅಳೆದದ್ದೆಲ್ಲ ವ್ಯರ್ಥ. ಬೀಜದಳಗಳ ಮೇಲೆ ಎರಡು ನಿಜವಾದ ಎಲೆಗಳು ಬಂದಾಗ ದುರ್ಬಲವಾದದ್ದನ್ನು ಆರಿಸಿ ಕತ್ತರಿಯಿಂದ ಮಣ್ಣಿನ ಮಟ್ಟಕ್ಕೆ ಕತ್ತರಿಸಿ. ಕೀಳಬೇಡಿ. ಅಷ್ಟು ಹತ್ತಿರದ ಎರಡು ಗಿಡಗಳ ಬೇರುಗಳು ಹೆಣೆದುಕೊಂಡಿರುತ್ತವೆ, ಒಂದನ್ನು ಎಳೆದರೆ ಇನ್ನೊಂದೂ ಸಡಿಲಗೊಳ್ಳುತ್ತದೆ.

ದಿನಾಂಕ ಹಾಕಿ ನೋಡಿದರೆ ನಿಮ್ಮ ಬೆಳೆ ಹೀಗೆ ಸಾಗುತ್ತದೆ. ಜನವರಿ 30ರ ಸಂಜೆ ಮಣ್ಣಿಗೆ ನೀರು, 31ರ ಬೆಳಿಗ್ಗೆ ಬಿತ್ತನೆ. ಮಣ್ಣು ಆಗಷ್ಟೇ ಬೆಚ್ಚಗಾಗುತ್ತಿರುವುದರಿಂದ ಮೊಳಕೆ ಫೆಬ್ರವರಿ 10ರ ಸುಮಾರಿಗೆ ಕಾಣಬಹುದು. ಬಿಸಿಲು ನೇರ ಬೀಳುವ ತಾರಸಿಯ ಕಪ್ಪು ಬ್ಯಾಗ್‌ಗಳಲ್ಲಿ ಒಂದೆರಡು ದಿನ ಮುಂಚೆ. 20ರ ಹೊತ್ತಿಗೆ ಕತ್ತರಿ ಕೆಲಸ ಮುಗಿಸಿ, ಖಾಲಿ ಗುಂಡಿಗಳಿಗೆ ಲೋಟದ ಸಸಿಗಳನ್ನು ಇಳಿಸಿ. ಪೊಟ್ಟಣ 45–50 ದಿನಕ್ಕೆ ಮೊದಲ ಕೊಯ್ಲು ಎನ್ನುತ್ತದೆ, ಅದು ಬೆಚ್ಚಗಿನ ಕಾಲದ ಲೆಕ್ಕ. ನಿಮಗೆ ಮೊದಲ ಕಾಯಿ ಮಾರ್ಚ್ ಮೂರನೆಯ ಅಥವಾ ನಾಲ್ಕನೆಯ ವಾರ ಸಿಗಬಹುದು. ಹೂವು ಅರಳಿದ ಐದಾರು ದಿನಕ್ಕೆ ಕಾಯಿ ಕೊಯ್ಯಿರಿ. ತುದಿಯನ್ನು ಬಗ್ಗಿಸಿದರೆ ಟಪ್ಪನೆ ಮುರಿಯಬೇಕು. ಬಳುಕಿ ನಾರು ಎಳೆದರೆ ತಡವಾಯಿತು, ಅದನ್ನು ಗಿಡದಲ್ಲೇ ಬಿಟ್ಟರೆ ಮುಂದಿನ ಹೂವುಗಳು ನಿಲ್ಲುತ್ತವೆ. ಹೊಲದಲ್ಲಿ ಈ ತಳಿಯ ಇಳುವರಿ ಹೆಕ್ಟೇರಿಗೆ ಸುಮಾರು 20 ಟನ್ ಎನ್ನುತ್ತಾರೆ. 60 × 30ರಲ್ಲಿ ಹಂಚಿದರೆ ಗಿಡಕ್ಕೆ ಮುನ್ನೂರೈವತ್ತು ಗ್ರಾಂ ಬರುತ್ತದೆ. ಮೊದಲ ಸಲಕ್ಕೆ ಕಾಲು ಕಿಲೋ ಬಂದರೂ ಇಪ್ಪತ್ತೆಂಟು ಗಿಡಗಳಿಂದ ಎರಡು ತಿಂಗಳಲ್ಲಿ ಏಳು ಕಿಲೋ.

ಮಿಕ್ಕ ಸುಮಾರು ನೂರು ಬೀಜಗಳ ಅವಧಿ ಏಪ್ರಿಲ್‌ಗೆ ಮುಗಿಯುತ್ತದೆ. ಆದರೆ ಬೀಜ ಆ ದಿನವೇ ಸಾಯುವುದಿಲ್ಲ. ಪೊಟ್ಟಣದ ಬಾಯಿ ಮಡಚಿ ಕ್ಲಿಪ್ ಹಾಕಿ ಅದೇ ಡಬ್ಬಿಯಲ್ಲಿಡಿ. ಜೂನ್‌ನಲ್ಲಿ ಒದ್ದೆ ಬಟ್ಟೆಯ ಪರೀಕ್ಷೆ ಮಾಡಿ, ಇಪ್ಪತ್ತರಲ್ಲಿ ಹತ್ತು ಮೊಳೆತರೆ ಗುಂಡಿಗೆ ಮೂರರಂತೆ ಹಾಕಿ ಮುಂಗಾರಿಗೆ ಬಿತ್ತಿ.